ಜೆಮ್ ಕ್ಲಿಪ್ಪಿನ ಸಾಕ್ಷಿಯನ್ನು ಎಷ್ಟು ನಂಬಬಹುದು?

ಕಂಪ್ಯೂಟರು ಆನ್ ಆಗದಿದ್ದರೆ ಮೊದಲು ಅನುಮಾನ ಬೀಳುವುದು ಎಸ್‌ಎಂಪಿಎಸ್ ಮೇಲೆ. ಅದನ್ನು ಕ್ಯಾಬಿನೆಟ್ಟಿನಿಂದ ಬಿಡಿಸಿ, ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ನಡುವೆ ನೆಟ್ಟಗೆ ಮಾಡಿದ ಜೆಮ್ ಕ್ಲಿಪ್ ಒಂದನ್ನು ಸಿಕ್ಕಿಸುತ್ತಾರೆ. ಫ್ಯಾನ್ ತಿರುಗಿದರೆ ‘ಛಲೋ ಐತಿ’, ತಿರುಗದಿದ್ದರೆ ‘ಹೋತು’. ರಿಪೇರಿ ಟೇಬಲ್ಲುಗಳ ಮೇಲೆ ಬಹಳ ಕಾಲದಿಂದ ನಡೆದುಬಂದ ರೂಢಿ ಇದು. ಖರ್ಚಿಲ್ಲ, ನಿಮಿಷದ ಕೆಲಸ, ಗಿರಾಕಿಯ ಕಣ್ಣಿಗೂ ಕಾಣುತ್ತದೆ. ಆದರೆ ಈ ಪರೀಕ್ಷೆಯ ಮೇಲೆ ನಾವು ಹೊರಿಸುತ್ತಿರುವ ಭಾರ ಅದು ಹೊರಬಲ್ಲದ್ದಕ್ಕಿಂತ ತುಂಬಾ ಹೆಚ್ಚು. ಸತ್ತ ಎಸ್‌ಎಂಪಿಎಸ್ಸನ್ನು ಅದು ಬಹುಮಟ್ಟಿಗೆ ಸರಿಯಾಗಿಯೇ ಹಿಡಿಯುತ್ತದೆ. ಬದುಕಿದ್ದೂ ಕೈಕೊಡುವಂಥದ್ದನ್ನು ಮಾತ್ರ ನಿರಪರಾಧಿ ಎಂದು ಬಿಟ್ಟುಕಳಿಸುತ್ತದೆ. ಮಾರುಕಟ್ಟೆಯಲ್ಲಿ ಓಡಾಡುವ ಅರೆಬರೆ ಮಾಲಿನಲ್ಲಿ ಎರಡನೆಯ ಜಾತಿಯದೇ ಜಾಸ್ತಿ.

ಕ್ಲಿಪ್ಪು ಮಾಡುವುದೇನು ಎಂಬುದನ್ನು ಮೊದಲು ನೋಡೋಣ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾದರಿಯಲ್ಲಿ ಕಂಪ್ಯೂಟರಿನ ಪವರ್ ಬಟನ್ನು ಕರೆಂಟನ್ನು ನೇರವಾಗಿ ಕಡಿಯುವುದಿಲ್ಲ, ಜೋಡಿಸುವುದೂ ಇಲ್ಲ. ಪ್ಲಗ್ ಹಾಕಿದ ಕ್ಷಣದಿಂದ ಎಸ್‌ಎಂಪಿಎಸ್ಸಿನ ಒಂದು ಚಿಕ್ಕ ಭಾಗ ಎಚ್ಚರವಾಗಿದ್ದು ನೇರಳೆ ವೈರಿನಲ್ಲಿ 5 ವೋಲ್ಟ್ ಕೊಡುತ್ತಿರುತ್ತದೆ. ಹಸಿರು ವೈರನ್ನೂ ಅದೇ ಭಾಗ ಒಳಗಿನಿಂದ ಸುಮಾರು 5 ವೋಲ್ಟಿಗೆ ಎತ್ತಿ ಹಿಡಿದಿರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡು ಆ ಹಸಿರನ್ನು ಕೆಳಗೆ, ಅಂದರೆ ಕಪ್ಪಿನ ಮಟ್ಟಕ್ಕೆ ಎಳೆಯುತ್ತದೆ, ಆಗ ದೊಡ್ಡ ಭಾಗ ಕೆಲಸ ಶುರು ಮಾಡುತ್ತದೆ. ಜೆಮ್ ಕ್ಲಿಪ್ಪು ಮಾಡುವುದು ಮದರ್‌ಬೋರ್ಡಿನ ಈ ಒಂದು ಕೆಲಸವನ್ನಷ್ಟೇ. ಅದರಲ್ಲಿ ಹರಿಯುವುದು ಒಂದೆರಡು ಮಿಲಿ ಆಂಪಿಯರ್. ಕ್ಲಿಪ್ಪು ಸರಿಯಾದ ಜಾಗದಲ್ಲಿದ್ದರೆ ಬಿಸಿ ಕೂಡ ಆಗುವುದಿಲ್ಲ.

ಇದು ತಿಳಿದ ಮೇಲೆ ರೂಢಿಯ ಮೊದಲ ದೋಷ ಕಾಣುತ್ತದೆ: ನಾವು ಕ್ಲಿಪ್ಪನ್ನು ಮೊದಲು ಹಾಕುತ್ತೇವೆ, ಮೀಟರನ್ನು ಆಮೇಲೆ ಹಿಡಿಯುತ್ತೇವೆ, ಎಷ್ಟೋ ಸಲ ಹಿಡಿಯುವುದೇ ಇಲ್ಲ. ಕ್ರಮ ತಿರುಗುಮುರುಗಾಗಬೇಕು. ಕ್ಲಿಪ್ಪನ್ನು ಮುಟ್ಟುವ ಮುಂಚೆ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಪ್ಲಗ್ ಹಾಕಿ, ಕಪ್ಪಿಗೂ ನೇರಳೆಗೂ ನಡುವೆ ಅಳೆಯಬೇಕು. 4.75ರಿಂದ 5.25ರ ಒಳಗೆ ಬಂದರೆ ಚಿಕ್ಕ ಭಾಗ ಸರಿಯಿದೆ. ಆಮೇಲೆ ಹಸಿರು. ಅಲ್ಲೂ 5ರ ಆಸುಪಾಸು ಬಂದರೆ ಕ್ಲಿಪ್ಪು ಹಾಕುವುದಕ್ಕೆ ಅರ್ಥವಿದೆ. ನೇರಳೆಯಲ್ಲಿ ಸೊನ್ನೆ ಇದ್ದರೆ ಕ್ಲಿಪ್ಪು ಹಾಕಿ ಪ್ರಯೋಜನವಿಲ್ಲ, ಎಬ್ಬಿಸಬೇಕಾದವನೇ ಮಲಗಿದ್ದಾನೆ. ನೇರಳೆಯಲ್ಲಿ 4.2ರಂತೆ ಕುಸಿದ ಲೆಕ್ಕ ಬಂದರೆ, ‘ನಾಲ್ಕೈದು ಸಲ ಬಟನ್ ಒತ್ತಿದರೆ ಒಂದು ಸಲ ಚಾಲೂ ಆಗತೈತ್ರಿ’ ಎಂಬ ದೂರಿನ ಮೂಲ ಬಹುತೇಕ ಅಲ್ಲೇ ಸಿಕ್ಕಿತು ಎನ್ನಬಹುದು. ಈ ಭಾಗ ವರ್ಷದ ಹನ್ನೆರಡೂ ತಿಂಗಳು ಬಿಸಿಯಲ್ಲಿ ಕೂತಿರುತ್ತದೆ, ಅದರ ಕೆಪಾಸಿಟರುಗಳು ಬೇಗ ಒಣಗುತ್ತವೆ.

ಸುರಕ್ಷತೆಯ ವಿಷಯದಲ್ಲಿ ಈ ರೂಢಿಗೆ ನನ್ನ ತಕರಾರು ಇನ್ನೂ ಹೆಚ್ಚು. ಪ್ಲಗ್ ಹಾಕಿಟ್ಟುಕೊಂಡೇ ಕ್ಲಿಪ್ಪು ಸಿಕ್ಕಿಸುವವರನ್ನು ಬಹಳ ನೋಡಿದ್ದೇನೆ. ಹಸಿರಿನ ಬದಲು ನೇರಳೆಗೆ ಹೋದರೆ ಎಚ್ಚರವಿರುವ 5 ವೋಲ್ಟು ಶಾರ್ಟ್ ಆಗುತ್ತದೆ. ದೊಡ್ಡ ಭಾಗ ಚಾಲೂ ಆದ ಮೇಲೆ ಕ್ಲಿಪ್ಪಿನ ತುದಿ ಜಾರಿ ಹಳದಿಗೆ ತಾಗಿದರೆ ಅದು 12 ವೋಲ್ಟು. 12 ವೋಲ್ಟು ಮೈಗೆ ಶಾಕ್ ಕೊಡುವುದಿಲ್ಲ, ನಿಜ. ಆದರೆ ಅದರ ಹಿಂದೆ ಹದಿನೈದು ಇಪ್ಪತ್ತು ಆಂಪಿಯರ್ ನಿಂತಿರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೂಡಲೇ ತಾನೇ ಬಂದ್ ಆಗುತ್ತದೆ. ಅಗ್ಗದ್ದರಲ್ಲಿ ಆ ರಕ್ಷಣೆ ನೆಟ್ಟಗಿಲ್ಲದಿದ್ದರೆ ಕ್ಲಿಪ್ಪು ಕೆಂಪಗಾಗುತ್ತದೆ, ಬೆರಳು ಸುಡುತ್ತದೆ. ಹಾಗಾಗಿ ಪ್ಲಗ್ ಕಿತ್ತು, ನಿಮಿಷ ಬಿಟ್ಟು, ಕ್ಲಿಪ್ಪು ಸಿಕ್ಕಿಸಿ, ಮೇಲೆ ಇನ್ಸುಲೇಶನ್ ಟೇಪು ಸುತ್ತಿ, ಆಮೇಲೆ ಪ್ಲಗ್ ಹಾಕಬೇಕು. ಅದಕ್ಕಿಂತ ಒಳ್ಳೆಯದೆಂದರೆ ಜೆಮ್ ಕ್ಲಿಪ್ಪನ್ನೇ ಬಿಟ್ಟು, ಎರಡೂ ತುದಿ ಸುಲಿದ ಒಂಟಿ ತಂತಿಯ ಗಟ್ಟಿ ವೈರಿನ ತುಂಡು ಬಳಸುವುದು. ನಡುವೆ ಪ್ಲಾಸ್ಟಿಕ್ ಹೊದಿಕೆ ಇದ್ದೇ ಇರುತ್ತದೆ. ಪರೀಕ್ಷೆಯ ಹೆಸರು ಬದಲಾದೀತು ಎಂಬುದೊಂದೇ ನಷ್ಟ.

ಇನ್ನೊಂದು ಅಪಾಯ ಮೀಟರಿನದೇ. ಕೆಂಪು ಪ್ರೋಬನ್ನು ಆಂಪಿಯರಿನ ತೂತಿನಲ್ಲಿ ಬಿಟ್ಟು ವೋಲ್ಟ್ ಅಳೆಯಲು ಹೋದರೆ ಮೀಟರೇ ಶಾರ್ಟ್ ಆಗುವ ತಂತಿಯಾಗುತ್ತದೆ. ಹಳದಿ ಬಣ್ಣದ ಅಗ್ಗದ ಮೀಟರಿನ 9 ವೋಲ್ಟ್ ಸೆಲ್ ಇಳಿದಿದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಆಗ ಬಸವಳಿದ ಎಸ್‌ಎಂಪಿಎಸ್ಸೂ ಪಾಸಾಗುತ್ತದೆ. ಹೊಸ ಪೆನ್ಸಿಲ್ ಸೆಲ್ ಒಂದನ್ನು ಅಳೆದು ಒಂದೂವರೆ ವೋಲ್ಟಿಗಿಂತ ತುಸು ಮೇಲೆ ಬರುತ್ತದೆಯೇ ಎಂದು ನೋಡಿಕೊಂಡರೆ ಈ ಮೋಸ ತಪ್ಪುತ್ತದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಅರ್ಥಿಂಗಿನ ಮಾತು ಬೇರೆಯೇ. ಮೂರು ಪಿನ್ನಿನ ಬೋರ್ಡಿರುತ್ತದೆ, ಮೂರನೆಯ ಪಿನ್ನಿನ ಹಿಂದೆ ವೈರಿರುವುದಿಲ್ಲ. ಎಸ್‌ಎಂಪಿಎಸ್ಸಿನ ಒಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ತಗಡಿಗೆ ಚಿಕ್ಕ ಕೆಪಾಸಿಟರುಗಳಿವೆ. ಅರ್ಥಿಂಗ್ ಇಲ್ಲದಿದ್ದರೆ ತಗಡು ಮನೆ ಕರೆಂಟಿನ ಅರ್ಧದಷ್ಟಕ್ಕೆ, ಸುಮಾರು 115 ವೋಲ್ಟಿಗೆ ತೇಲುತ್ತದೆ. ಟೆಸ್ಟರ್ ಹಿಡಿದರೆ ಮಂದವಾಗಿ ಉರಿಯುತ್ತದೆ, ಬರಿಗಾಲಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಕಪ್ಪು ವೈರುಗಳೆಲ್ಲ ಇದೇ ತಗಡಿಗೆ ಸೇರಿದವು, ಅಂದರೆ ಕ್ಲಿಪ್ಪಿನ ಒಂದು ಕಾಲು ಕೂಡ. ಒಳಗೆ ಆ ಕೆಪಾಸಿಟರೇ ಕೆಟ್ಟಿದ್ದರೆ ಜುಮ್ಮೆನ್ನುವುದರಲ್ಲಿ ಮುಗಿಯುವುದಿಲ್ಲ. ಅರ್ಥಿಂಗ್ ಇರುವ ಬೋರ್ಡು, ಒಣ ನೆಲ, ಕಾಲಲ್ಲಿ ಚಪ್ಪಲಿ, ಇಷ್ಟಿಲ್ಲದೆ ಈ ಪರೀಕ್ಷೆಗೆ ಕೂಡಬಾರದು. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರದ ನಂತರ ನೀರು ಕುಡಿದ ಎಸ್‌ಎಂಪಿಎಸ್ಸುಗಳನ್ನು ಬಿಸಿಲಿಗಿಟ್ಟು ಒಣಗಿಸಿ ಕ್ಲಿಪ್ಪು ಹಾಕಿ ನೋಡುವ ಆಸೆ ಯಾರಿಗಾದರೂ ಬಂದಿದ್ದರೆ ಅದು ಸಹಜ. ಆದರೆ ಕೆಸರು ಒಣಗಿದರೂ ಅದರ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತದೆ. ಅಂಥದಕ್ಕೆ ಯಾವ ಪರೀಕ್ಷೆಯೂ ಬೇಡ, ಎಸೆಯುವುದೇ ಸರಿ.

ತಗಡು ಬಿಚ್ಚುವುದಂತೂ ಈ ಪರೀಕ್ಷೆಯ ಭಾಗವಲ್ಲ. 230 ವೋಲ್ಟು ಒಳಗೆ ಹೋಗಿ ಡಿಸಿ ಆಗುವಾಗ ಸುಮಾರು 325 ವೋಲ್ಟಾಗುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರು ಅದನ್ನು ಹಿಡಿದಿಟ್ಟುಕೊಂಡಿರಬಹುದು, ಕೆಟ್ಟ ಎಸ್‌ಎಂಪಿಎಸ್ಸಿನಲ್ಲಿ ಅದು ಇಳಿಯುವ ದಾರಿಯೂ ಕೆಟ್ಟಿರಬಹುದು. ಹಳೆಯ ಮಾದರಿಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚಿದ್ದರೆ ಪ್ಲಗ್ ಹಾಕುವ ಮೊದಲು ಅದು 230ರಲ್ಲಿದೆಯೇ ನೋಡಬೇಕು. 115ರಲ್ಲಿದ್ದರೆ ಪರೀಕ್ಷೆ ಸದ್ದಿನೊಂದಿಗೆ ಮುಗಿಯುತ್ತದೆ.

ಇನ್ನು ಫ್ಯಾನಿನ ಮಾತು. ಈ ರೂಢಿಯಲ್ಲಿ ಫ್ಯಾನೇ ಮುಖ್ಯ ಸಾಕ್ಷಿ, ಆದರೆ ಅದು ಎರಡೂ ಕಡೆಗೆ ಸುಳ್ಳು ಹೇಳುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್ಸುಗಳಲ್ಲಿ ಭಾರ ಕಡಿಮೆಯಿದ್ದಾಗ ಫ್ಯಾನ್ ನಿಂತೇ ಇರುವಂತೆ ಮಾಡಿರುತ್ತಾರೆ. ಕ್ಲಿಪ್ಪು ಹಾಕಿದಾಗ ತುಸು ಅಲುಗಿ ನಿಂತರೆ ಅದು ಕೆಟ್ಟಿದ್ದಲ್ಲ, ತಣ್ಣಗಿದೆ ಅಷ್ಟೇ. ಹಳೆಯ ಕೆಲವು ಮಾದರಿಗಳು ಏನೂ ಭಾರವಿಲ್ಲದಿದ್ದರೆ ತಾವೇ ಬಂದ್ ಆಗುತ್ತವೆ. ಅಂಥ ಒಳ್ಳೆಯ ಮಾಲನ್ನು ಕಸಕ್ಕೆ ಹಾಕಿದ್ದೂ ಉಂಟು. ಹಳೇ ಹಾರ್ಡ್ ಡಿಸ್ಕ್ ಒಂದನ್ನು ಜೋಡಿಸಿಕೊಂಡು ಪರೀಕ್ಷಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಇನ್ನೊಂದು ಕಡೆ, ಫ್ಯಾನಿಗೆ ಬೇಕಾದ್ದು ಕಾಲು ಆಂಪಿಯರಿಗೂ ಕಡಿಮೆ. ಅಷ್ಟನ್ನು ಅರೆಜೀವದ ಎಸ್‌ಎಂಪಿಎಸ್ಸೂ ಕೊಡುತ್ತದೆ.

ಚಿಕ್ಕಪಡಸಲಗಿಯ ಒಂದು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನದು ಸರಿಯಾಗಿ ಇದೇ ಪ್ರಕರಣ. ಸಣ್ಣಪುಟ್ಟ ಟೈಪಿಂಗಿಗೆ ತೊಂದರೆಯಿಲ್ಲ. ದೊಡ್ಡ ಫೈಲ್ ತೆರೆದು ಜೊತೆಗೆ ಇನ್ನೇನಾದರೂ ಓಡಿಸಿದರೆ ತಟ್ಟನೆ ರೀಸ್ಟಾರ್ಟ್. ರಿಪೇರಿಯ ಹುಡುಗ ಕ್ಲಿಪ್ಪು ಹಾಕಿ ನೋಡಿದ್ದ. ‘ಎಸ್‌ಎಂಪಿಎಸ್ ಛಲೋ ಐತ್ರಿ ಕಾಕಾ, ಫ್ಯಾನ್ ತಿರಗಾಕತ್ತೈತಿ’ ಎಂದು ರ‍್ಯಾಮ್ ಬದಲಿಸಿದ್ದ, ಅದಾದ ಮೇಲೆ ಮದರ್‌ಬೋರ್ಡಿನ ಮಾತೆತ್ತಿದ್ದ. ಅವನು ಮೀಟರ್ ಹಿಡಿಯದವನೇನಲ್ಲ. ಕ್ಲಿಪ್ಪಿನ ಮೇಲೆ ಹಳದಿಯಲ್ಲಿ 12.21, ಕೆಂಪಿನಲ್ಲಿ 5.06, ಕಿತ್ತಳೆಯಲ್ಲಿ 3.34 ಬಂದಿತ್ತು. ಎಟಿಎಕ್ಸ್ ನಿಯಮ ಐದು ಶೇಕಡಾ ಹೆಚ್ಚುಕಡಿಮೆಗೆ ಒಪ್ಪುತ್ತದೆ. ಅಂದರೆ ಹಳದಿ 11.40ರಿಂದ 12.60ರ ಒಳಗಿರಬೇಕು, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46. ಎಲ್ಲವೂ ಪಾಸ್. ಹುಡುಗನ ಲೆಕ್ಕ ತಪ್ಪಿರಲಿಲ್ಲ. ಅವನು ಕೇಳಿದ ಪ್ರಶ್ನೆಯೇ ಚಿಕ್ಕದಾಗಿತ್ತು.

ಅಂಗಡಿಯವರ ಅನುಮಾನವೇ ಬೇರೆ: ‘ಇದು ಕರೆಂಟಿನ ಕಾಟ್ರಿ, ಸಂಜೀಮುಂದ ವೋಲ್ಟೇಜ್ ಇರಂಗಿಲ್ಲ.’ ಅದು ತಳ್ಳಿಹಾಕುವ ಮಾತಾಗಿರಲಿಲ್ಲ. 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಇದೇ ಊರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ನೀರು ನಿಂತ ಮೇಲೆ ದಂಡೆಯುದ್ದಕ್ಕೂ ಪಂಪ್‌ಸೆಟ್ಟು, ಪಂಪ್‌ಸೆಟ್ಟಿನ ಹಿಂದೆ ಕಬ್ಬು. ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ಲೈನಿನ ತುದಿಯ ಅಂಗಡಿಗೆ ವೋಲ್ಟೇಜ್ ಇಳಿಯುವುದು ಸಹಜ. ಆದ್ದರಿಂದ ಕರೆಂಟಿನ ಪಾಲನ್ನೂ ಎಸ್‌ಎಂಪಿಎಸ್ಸಿನ ಪಾಲನ್ನೂ ಬೇರೆಬೇರೆ ಮಾಡಿ ಅಳೆಯಬೇಕಿತ್ತು.

ಕಂಪ್ಯೂಟರನ್ನು ಜೋಡಿಸಿಯೇ, ಅದು ಓಡುತ್ತಿರುವಾಗಲೇ ಅಳೆದೆವು. ಪ್ರೊಸೆಸರಿಗೆ ಹೋಗುವ ನಾಲ್ಕು ಪಿನ್ನಿನ ಕನೆಕ್ಟರಿನ ಹಿಂಬದಿಯಲ್ಲಿ, ವೈರು ಒಳಹೋಗುವ ಸಂದಿನಲ್ಲಿ ಪ್ರೋಬಿನ ತೆಳು ತುದಿಯನ್ನು ತೂರಿಸಿದರೆ ಲೋಹ ಸಿಗುತ್ತದೆ. ಎರಡು ಪ್ರೋಬುಗಳು ಒಂದಕ್ಕೊಂದು ತಾಗಬಾರದು, ಕಪ್ಪಿನದನ್ನು ಕ್ಯಾಬಿನೆಟ್ಟಿನ ಸ್ಕ್ರೂಗೆ ಸಿಕ್ಕಿಸಿಟ್ಟರೆ ಒಂದು ಕೈ ಖಾಲಿ ಉಳಿಯುತ್ತದೆ. ಸುಮ್ಮನಿದ್ದಾಗ ಹಳದಿ 11.79. ಕೆಲಸ ಕೊಟ್ಟಾಗ ನೋಡನೋಡುತ್ತ 11.31ಕ್ಕೆ ಇಳಿಯಿತು, ಕಂಪ್ಯೂಟರು ರೀಸ್ಟಾರ್ಟ್ ಆಯಿತು. ಅದೇ ಹೊತ್ತಿಗೆ ಕೆಂಪು ಇಳಿಯುವ ಬದಲು 5.21ಕ್ಕೆ ಏರಿತ್ತು. ಇದು ಅಗ್ಗದ ಎಸ್‌ಎಂಪಿಎಸ್ಸಿನ ಗುರುತು. 12 ಮತ್ತು 5 ವೋಲ್ಟುಗಳನ್ನು ಅದು ಬೇರೆಬೇರೆ ಕಾಯುವುದಿಲ್ಲ, ಎರಡರ ಸರಾಸರಿಯನ್ನು ಕಾಯುತ್ತದೆ. ಹಳದಿಯ ಮೇಲೆ ಭಾರ ಬಿದ್ದು ಅದು ಕುಸಿದರೆ ಎರಡನ್ನೂ ಒಟ್ಟಿಗೆ ಎತ್ತಲು ಹೋಗುತ್ತದೆ, ಭಾರವಿಲ್ಲದ ಕೆಂಪು ಸುಮ್ಮನೆ ಮೇಲೇರುತ್ತದೆ. ಒಂದು ಇಳಿದು ಇನ್ನೊಂದು ಏರಿದ್ದನ್ನು ಕಂಡರೆ ಮದರ್‌ಬೋರ್ಡನ್ನು ಬೈಯುವ ಮೊದಲು ಎರಡು ಸಲ ಯೋಚಿಸಬೇಕು.

ಇದಿಷ್ಟೂ ಕಂಪ್ಯೂಟರಿನೊಳಗೆ ಆದ ಅಳತೆ. ಪ್ರೊಸೆಸರೇ ಮಿತಿಮೀರಿ ಎಳೆಯುತ್ತಿದ್ದರೂ ಹೀಗಾಗಬಹುದಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಎಸ್‌ಎಂಪಿಎಸ್ಸನ್ನು ಮತ್ತೆ ಹೊರತೆಗೆದು ಕ್ಲಿಪ್ಪಿನ ಮೇಲೆ ಹಾಕಿ, ಈ ಸಲ ಭಾರ ಕೊಟ್ಟೆವು. ಭಾರವೆಂದರೆ ನಮ್ಮ ಕಡೆ ಯಾವ ಆಟೋ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವ ಬಲ್ಬು. ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಟ್ರ್ಯಾಕ್ಟರಿನ ಹೆಡ್‌ಲೈಟಿನ 60 ವ್ಯಾಟಿನದು ಸುಮಾರು 5. ಬಲ್ಬಿನ ಎಳೆ ತಣ್ಣಗಿದ್ದಾಗ ಮೊದಲ ಕ್ಷಣ ಇದರ ಎಷ್ಟೋ ಪಟ್ಟು ಎಳೆಯುತ್ತದೆ. ಹಾಗಾಗಿ ದೊಡ್ಡದನ್ನೇ ಮೊದಲು ಹಾಕಿದರೆ ಒಳ್ಳೆಯ ಎಸ್‌ಎಂಪಿಎಸ್ಸೂ ಶಾರ್ಟೆಂದು ತಿಳಿದು ಬಂದ್ ಆದೀತು, ಚಿಕ್ಕದರಿಂದ ಶುರು ಮಾಡುವುದು ಒಳ್ಳೆಯದು. ಬಲ್ಬನ್ನು ಹೋಲ್ಡರಿನ ಸಮೇತ ಇಟ್ಟಿಗೆಯ ಮೇಲಿಟ್ಟು, ಹಾರ್ಡ್ ಡಿಸ್ಕಿನ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಪಕ್ಕದ ಕಪ್ಪಿಗೆ ಜೋಡಿಸಬೇಕು. ಗಾಜು ಮುಟ್ಟಿದರೆ ಕೈ ಸುಡುತ್ತದೆ. ಹಳೇ ಹಾರ್ಡ್ ಡಿಸ್ಕನ್ನೂ ಇನ್ನೊಂದು ಕನೆಕ್ಟರಿಗೆ ಹಾಕಿದ್ದೆವು, ಏಕೆಂದರೆ ಕೆಂಪಿನ ಮೇಲೆ ಸ್ವಲ್ಪವೂ ಭಾರವಿಲ್ಲದೆ ಹಳದಿಯನ್ನಷ್ಟೇ ಜಗ್ಗಿದರೆ ಸರಾಸರಿ ಕಾಯುವ ಈ ಜಾತಿಗೆ ಅನ್ಯಾಯವಾಗುತ್ತದೆ.

ಚಿಕ್ಕ ಬಲ್ಬಿಗೆ 11.98. ದೊಡ್ಡದಕ್ಕೆ 11.33. ಕೆಂಪು 5.23. ಲೇಬಲ್ಲಿನ ಮೇಲೆ 450 ವ್ಯಾಟ್ ಎಂದೂ ಹಳದಿಗೆ 18 ಆಂಪಿಯರ್ ಎಂದೂ ಬರೆದಿತ್ತು. ಅದು 5 ಆಂಪಿಯರಿಗೆ ಗೆರೆಯ ಕೆಳಗೆ ಬಿದ್ದಿತ್ತು. ಬೆಳಗಿನ ಹೊತ್ತು ಬೋರ್ಡಿನಲ್ಲಿ 231 ವೋಲ್ಟಿದ್ದಾಗ ಬಂದ ಲೆಕ್ಕವಿದು. ಸಂಜೆ 188ಕ್ಕಿಳಿದಾಗ ಅದೇ ಬಲ್ಬಿಗೆ 11.28 ಬಂತು. ಕರೆಂಟಿನ ಪಾಲು ಐದು ಸೆಂಟಿ ವೋಲ್ಟು, ಉಳಿದದ್ದೆಲ್ಲ ಎಸ್‌ಎಂಪಿಎಸ್ಸಿನದೇ. ಅಂಗಡಿಯವರು ಇದನ್ನು ಒಪ್ಪಿದರು, ಆದರೆ ಪಂಪ್‌ಸೆಟ್ಟಿನವರ ಮೇಲಿನ ಸಿಟ್ಟನ್ನು ಬಿಟ್ಟುಕೊಡಲಿಲ್ಲ.

ಬಲ್ಬು ಸೇರಿಸಿದ ಮೇಲೆ ಈ ಪರೀಕ್ಷೆಗೆ ನನ್ನ ಮಟ್ಟಿಗೆ ಬೆಲೆ ಬರುತ್ತದೆ. ಹಾಗಂತ ಅದಕ್ಕೂ ಕಾಣದ್ದು ಇದೆ. ಮಲ್ಟಿಮೀಟರು ತೋರಿಸುವುದು ಸರಾಸರಿಯನ್ನು. ಹಳದಿಯ 12 ವೋಲ್ಟಿನ ಮೇಲೆ ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುವ ಅಲುಗಾಟವೊಂದು ಸವಾರಿ ಮಾಡುತ್ತಿರುತ್ತದೆ. ಅದು 120 ಮಿಲಿ ವೋಲ್ಟ್ ದಾಟಬಾರದು ಎನ್ನುತ್ತದೆ ನಿಯಮ, ಕೆಂಪಿನಲ್ಲಿ 50. ಉಬ್ಬಿದ ಕೆಪಾಸಿಟರುಗಳ ಎಸ್‌ಎಂಪಿಎಸ್ಸಿನಲ್ಲಿ ಇದು ಅರ್ಧ ವೋಲ್ಟಾದರೂ ಮೀಟರು 12.0 ಎಂದೇ ತೋರಿಸೀತು. ಮೀಟರನ್ನು ಎಸಿಗೆ ತಿರುಗಿಸಿ ನೋಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅಗ್ಗದ ಮೀಟರಿನ ಅತಿ ಚಿಕ್ಕ ಎಸಿ ಗೆರೆಯೇ 200 ವೋಲ್ಟು, ಮೇಲಾಗಿ ಅಷ್ಟು ವೇಗದ ಏರಿಳಿತಕ್ಕೆ ಅದು ಕುರುಡು. ಅದಕ್ಕೆ ಆಸಿಲೋಸ್ಕೋಪೇ ಬೇಕು, ಅದಿಲ್ಲದವರಿಗೆ ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನಾಲ್ಕು ದಿನ ಓಡಿಸಿ ನೋಡುವುದೊಂದೇ ದಾರಿ. ಬೂದು ವೈರನ್ನೂ ಹೆಚ್ಚು ನಂಬಬಾರದು. ‘ಎಲ್ಲ ಸರಿಯಿದೆ’ ಎಂದು ಮದರ್‌ಬೋರ್ಡಿಗೆ ತಿಳಿಸಲು ಅದು 5 ವೋಲ್ಟಿಗೇರಬೇಕು, ಆದರೆ ಅಗ್ಗದ ಮಾಲು ಮಾಡುವ ಕೆಲವರು ಏನನ್ನೂ ಪರೀಕ್ಷಿಸದೆ ಅದನ್ನು ಕೆಂಪಿಗೇ ಕಟ್ಟಿಬಿಟ್ಟಿರುತ್ತಾರೆ.

ಕೆಲವು ಕಂಪನಿ ಕಂಪ್ಯೂಟರುಗಳಿಗೆ ಈ ಪರೀಕ್ಷೆಯನ್ನು ಹೀಗೆಯೇ ಮಾಡಲಾಗದು. 2000ದ ಸುಮಾರಿನ ಕೆಲವು ಡೆಲ್ ಯಂತ್ರಗಳಲ್ಲಿ ಕನೆಕ್ಟರು ನೋಡಲು ಎಟಿಎಕ್ಸಿನದೇ, ಪಿನ್ನುಗಳ ಜಾಗ ಬೇರೆ. ಈಗಿನ ಬ್ರ್ಯಾಂಡೆಡ್ ಯಂತ್ರಗಳಲ್ಲಿ 12 ವೋಲ್ಟು ಮಾತ್ರ ಕೊಡುವ ಚಿಕ್ಕ ಕನೆಕ್ಟರುಗಳೂ ಬಂದಿವೆ. ಎಲ್ಲ ವೈರುಗಳೂ ಕಪ್ಪಾಗಿರುವ ಎಸ್‌ಎಂಪಿಎಸ್ಸುಗಳು ಈಗ ಸಾಮಾನ್ಯ. 24 ಪಿನ್ನಿನದರಲ್ಲಿ ಹಸಿರಿನ ಜಾಗ 16ನೆಯದು, ಅದರ ಅಕ್ಕಪಕ್ಕದ 15 ಮತ್ತು 17 ಕಪ್ಪು. ಎಣಿಕೆಯಲ್ಲಿ ಸಂಶಯವಿದ್ದರೆ ಕ್ಲಿಪ್ಪನ್ನು ಕೆಳಗಿಟ್ಟು ಆ ಮಾದರಿಯ ಪಿನ್ನುಗಳ ಚಿತ್ರ ಹುಡುಕಬೇಕು.

ಝೆರಾಕ್ಸ್ ಅಂಗಡಿಯ ಎಸ್‌ಎಂಪಿಎಸ್ಸಿಗೆ ಇನ್ನೂ ವಾರಂಟಿ ಇತ್ತು. ಮಾರಿದ ಕಡೆ ಒಯ್ದರೆ ಕೌಂಟರಿನ ಮೇಲೆ ಮತ್ತದೇ ಕ್ಲಿಪ್ಪು, ಮತ್ತದೇ ಫ್ಯಾನು, ‘ಛಲೋ ಐತಲ್ರಿ’. ರಿಪೇರಿ ಹುಡುಗ ಚೀಲದಿಂದ ಬಲ್ಬು ತೆಗೆದ. ಇಂಥದಕ್ಕೆಲ್ಲ ವಾರಂಟಿಯಲ್ಲಿ ಜಾಗವಿಲ್ಲ ಎಂದು ಸ್ವಲ್ಪ ಹೊತ್ತು ವಾದ ನಡೆಯಿತು. ಲೇಬಲ್ಲಿನ 18 ಆಂಪಿಯರನ್ನು ತೋರಿಸಿ, ನಾವು ಕೇಳುತ್ತಿರುವುದು ಅದರ ಮೂರನೆಯ ಒಂದು ಪಾಲನ್ನೂ ಅಲ್ಲ ಎಂದ ಮೇಲೆ ಬದಲಿಸಿ ಕೊಟ್ಟರು. ಅದೇ ಕಂಪನಿಯ, ಅದೇ ಮಾದರಿಯ ಹೊಸ ಪೆಟ್ಟಿಗೆ. ಅದಕ್ಕೂ ಅಲ್ಲೇ ದೊಡ್ಡ ಬಲ್ಬು ಹಾಕಿದೆವು: 11.68. ಗೆರೆಯ ಒಳಗಿತ್ತು, ಕಂಪ್ಯೂಟರು ರೀಸ್ಟಾರ್ಟ್ ಆಗುವುದು ನಿಂತಿತು. ನನ್ನ ದುಡ್ಡಾಗಿದ್ದರೆ ನಾನು ಅದನ್ನು ಕೊಳ್ಳುತ್ತಿರಲಿಲ್ಲ.